14 ಚಿತ್ರ, ಒಂದೇ ಕೈ: ರೆಫರೆನ್ಸ್ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಆಲೆಮನೆ ಬಗ್ಗೆ ಒಂದು ಮಕ್ಕಳ ಕಥೆ ಬರೆದಿದ್ದರು. ಪುಟ್ಟಿ ಅನ್ನೋ ಹುಡುಗಿ, ಅವಳ ತಾತ, ಒಂದು ರಾತ್ರಿಯಲ್ಲಿ ಕಬ್ಬು ಬೆಲ್ಲವಾಗುವ ಕಥೆ. ಒಟ್ಟು 14 ಚಿತ್ರ ಬೇಕಿತ್ತು. ಮೈಸೂರಿನ ನಮ್ಮ ಸಣ್ಣ ಡಿಸೈನ್ ರೂಮಿನಲ್ಲಿ ಅದನ್ನು ಮಿಡ್‌ಜರ್ನಿಯ ಏಳನೇ ಆವೃತ್ತಿಯಲ್ಲಿ ಮಾಡಿದೆವು. ಪ್ರಾಂಪ್ಟ್ ಅಂತ ನಾವು ಬರೆದುಕೊಟ್ಟ ಮಾತಿನಿಂದ ಚಿತ್ರ ಮಾಡುವ ಎಐ ಯಂತ್ರ ಅದು. ಪುಸ್ತಕ ನೋಡಿದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಎಲ್ಲ ಚಿತ್ರವೂ ಒಬ್ಬರೇ ಬರೆದ ಹಾಗೆ ಹೇಗೆ ಬಂತು? ಗುಟ್ಟು ಇರುವುದು ರೆಫರೆನ್ಸ್ ಚಿತ್ರಗಳಲ್ಲಿ, ಅಂದರೆ ಮಾತಿನ ಜೊತೆ ಯಂತ್ರಕ್ಕೆ ಮಾದರಿಯಾಗಿ ಕೊಡುವ ಚಿತ್ರಗಳಲ್ಲಿ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

### ಪ್ರಾಂಪ್ಟನ್ನೇ ಚೆನ್ನಾಗಿ ಬರೆದರೆ ಸಾಲದಾ? ರೆಫರೆನ್ಸ್ ಚಿತ್ರ ಯಾಕೆ?

ಒಂದೇ ಚಿತ್ರ ಬೇಕಿದ್ದರೆ ಸಾಕು. ಹದಿನಾಲ್ಕಕ್ಕೆ ಸಾಲದು.

'ಮಕ್ಕಳ ಪುಸ್ತಕದ ಜಲವರ್ಣ ಚಿತ್ರ' ಅಂತ ಬರೆದರೆ ಅದಕ್ಕೆ ಸಾವಿರ ಅರ್ಥ ಇದೆ. ಗೆರೆ ದಪ್ಪವೋ ತೆಳುವೋ, ನೆರಳು ನೀಲಿಯೋ ಕಂದೋ, ಕಾಗದದ ತರಿ ಕಾಣಬೇಕೋ ಬೇಡವೋ, ಯಾವುದನ್ನೂ ಆ ಮಾತು ಹೇಳುವುದಿಲ್ಲ. ಹೇಳದೆ ಬಿಟ್ಟ ಜಾಗವನ್ನು ಯಂತ್ರ ಪ್ರತಿ ಸಲ ತನಗೆ ತೋಚಿದ ಹಾಗೆ ತುಂಬುತ್ತದೆ. ಗದ್ದೆಯ ಚಿತ್ರಕ್ಕೆ ಒಂದು ಥರ, ಅಡುಗೆಮನೆಗೆ ಇನ್ನೊಂದು ಥರ. ನಮ್ಮ ಮೊದಲ ಐದು ಚಿತ್ರಗಳನ್ನು ಒಂದು ಸಾಲಲ್ಲಿಟ್ಟು ನೋಡಿದರೆ ಐದು ಬೇರೆ ಬೇರೆ ಪುಸ್ತಕದಿಂದ ಹರಿದು ತಂದ ಹಾಗಿತ್ತು. ಆದರೆ ಒಂದೊಂದನ್ನೇ ನೋಡಿದರೆ ಎಲ್ಲವೂ ಚೆಂದ! ಮೋಸ ಹೋಗುವುದು ಅಲ್ಲೇ.

### ಇಮೇಜ್ ಪ್ರಾಂಪ್ಟ್, ಸ್ಟೈಲ್ ರೆಫರೆನ್ಸ್, ಓಮ್ನಿ ರೆಫರೆನ್ಸ್. ಮೂರೂ ಚಿತ್ರ ಕೊಡುವುದೇ ಅಲ್ವಾ? ವ್ಯತ್ಯಾಸ ಏನು?

ಕೊಡುವುದು ಚಿತ್ರವೇ. ಅದರಿಂದ ಯಂತ್ರ ಏನನ್ನು ತೆಗೆದುಕೊಳ್ಳುತ್ತದೆ ಅನ್ನುವುದು ಬೇರೆ.

ಪ್ರಾಂಪ್ಟಿನ ಶುರುವಿನಲ್ಲಿ ಕೊಡುವ ಚಿತ್ರ ಇಮೇಜ್ ಪ್ರಾಂಪ್ಟ್. ಅದರಿಂದ ವಸ್ತು, ಜೋಡಣೆ, ಬಣ್ಣ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತವೆ. `--sref` ಜೊತೆ ಕೊಟ್ಟರೆ ಅದು ಸ್ಟೈಲ್ ರೆಫರೆನ್ಸ್. ಅಲ್ಲಿ ಬರಬೇಕಾದ್ದು ನೋಟ ಮಾತ್ರ: ಬಣ್ಣದ ಹದ, ಗೆರೆ, ಬೆಳಕು, ಮೈಯ ತರಿ. `--oref` ಅಂದರೆ ಓಮ್ನಿ ರೆಫರೆನ್ಸ್. ಒಬ್ಬ ವ್ಯಕ್ತಿಯೋ ಒಂದು ವಸ್ತುವೋ ಇನ್ನೊಂದು ಚಿತ್ರದಲ್ಲಿ ಮತ್ತೆ ಅದೇ ಆಗಿ ಬರಲಿ ಅಂತ ಕೊಡುವುದು. ಹಿಂದಿನ ಆವೃತ್ತಿಯಲ್ಲಿ ಪಾತ್ರಕ್ಕೆ `--cref` ಇತ್ತು, ಏಳರಲ್ಲಿ ಅದರ ಜಾಗಕ್ಕೆ ಇದು ಬಂದಿದೆ.

ನಾನು ಮನಸ್ಸಲ್ಲಿ ಇಟ್ಟುಕೊಳ್ಳುವುದು ಹೀಗೆ: ಮಾತು 'ಏನಾಗುತ್ತಿದೆ' ಅಂತ ಹೇಳಲಿ, `--sref` 'ಯಾರ ಕೈ' ಅಂತ ಹೇಳಲಿ, `--oref` 'ಯಾರು' ಅಂತ ಹೇಳಲಿ. ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕಿದರೆ ಗಲಾಟೆ ಶುರು.

### ಸ್ಟೈಲ್ ರೆಫರೆನ್ಸಿಗೆ ಎಂಥ ಚಿತ್ರ ಆರಿಸಬೇಕು?

ಇಲ್ಲೇ ನಾವು ಜಾಸ್ತಿ ಎಡವಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಗೆಳತಿಯೊಬ್ಬಳು ಚಿತ್ರ ಬರೆಯುತ್ತಾಳೆ. ನೀರಲ್ಲಿ ಕಲಸುವ ದಟ್ಟವಾದ ಗೌಶ್ ಬಣ್ಣ, ದಪ್ಪ ಕುಂಚ, ಮಣ್ಣಿನ ಬಣ್ಣಗಳು. ಹದಿನಾಲ್ಕನ್ನೂ ಬರೆಯಲು ಅವಳಿಗೆ ಪುರುಸೊತ್ತಿರಲಿಲ್ಲ. ತನ್ನ ಹಳೆಯ ಚಿತ್ರಗಳನ್ನು ರೆಫರೆನ್ಸ್ ಆಗಿ ಬಳಸಲು ಒಪ್ಪಿದಳು. ಅದಕ್ಕೆ ದುಡ್ಡೂ ಮಾತಾಡಿಕೊಂಡೆವು, ಪುಸ್ತಕದಲ್ಲಿ ಹೆಸರೂ ಹಾಕಿದೆವು.

ಮೊದಲು ಅವಳ ಒಂದೇ ಚಿತ್ರ ಕೊಟ್ಟೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸಂಜೆ, ಕಿತ್ತಳೆ ಬಣ್ಣದ ಆಕಾಶ, ನೀರಿನ ಮೇಲೊಂದು ಹರಿಗೋಲು. ಬಲು ಚೆಂದದ ಚಿತ್ರ. ಆಮೇಲೆ ನೋಡಿದರೆ ಎಲ್ಲ ಕಡೆ ಸಂಜೆ! ಬೆಳಗ್ಗೆ ಕಬ್ಬು ಕಡಿಯುವ ಪುಟದಲ್ಲೂ ಕಿತ್ತಳೆ ಆಕಾಶ. ಆಲೆಮನೆಯ ಒಳಗೆ, ಗೋಡೆಯ ಕೆಳಗೆ ನೀರಿನಂಥ ಹೊಳೆಯುವ ಪಟ್ಟಿ. ಇದನ್ನು ನಾವು 'ಸೋರಿಕೆ' ಅಂತ ಕರೆಯುತ್ತೇವೆ. ನೋಟ ಮಾತ್ರ ಬರಬೇಕಿತ್ತು, ಜೊತೆಗೆ ವಸ್ತುವೂ ಸೋರಿ ಬಂತು.

ಕಾರಣ ಸುಲಭ. ಒಂದೇ ಚಿತ್ರ ನೋಡಿದಾಗ ಕಿತ್ತಳೆ ಬಣ್ಣ ಆ ಕೈಯ ಗುಣವೋ ಆ ಸಂಜೆಯ ಗುಣವೋ ಅಂತ ಯಂತ್ರಕ್ಕೆ ಬಿಡಿಸಿ ನೋಡಲು ದಾರಿ ಇಲ್ಲ. ಮೂರು ಚಿತ್ರ ಕೊಟ್ಟರೆ, ಮೂರರಲ್ಲೂ ವಸ್ತು, ಹೊತ್ತು, ಬೆಳಕು ಬೇರೆ ಬೇರೆ ಇದ್ದರೆ, ಎಲ್ಲದರಲ್ಲೂ ಇರುವುದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಅಂದರೆ ಆ ಕುಂಚ, ಆ ಬಣ್ಣದ ಹದ. ಹಾಗಾಗಿ ನದಿಯ ಸಂಜೆಯ ಜೊತೆಗೆ ಅಡುಗೆಮನೆಯ ಒಳಗಿನದೊಂದು, ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿ ಮಧ್ಯಾಹ್ನದ ಬಿಸಿಲಲ್ಲಿ ಕಾಣುವುದೊಂದು ಸೇರಿಸಿದೆವು. ಹರಿಗೋಲು ಇರುವ ಭಾಗವನ್ನು ಕತ್ತರಿಸಿಯೇ ಹಾಕಿದೆವು. ನೀರಿನ ಪಟ್ಟಿ ಮಾಯವಾಯಿತು. ಕಿತ್ತಳೆ, ಬೇಕಾದ ಪುಟಕ್ಕೆ ಮಾತ್ರ ಬಂತು.

ಹತ್ತು ಚಿತ್ರ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ನಮಗೆ ಹಾಗೆ ಆಗಲಿಲ್ಲ. ಐದಾರು ದಾಟಿದ ಮೇಲೆ ನೋಟ ಸಪ್ಪೆಯಾಯಿತು. ಒಬ್ಬರ ಕೈಯಲ್ಲೂ ಒಳ್ಳೆಯ ದಿನ, ಕೆಟ್ಟ ದಿನ ಇರುತ್ತವೆ. ಎಲ್ಲವನ್ನೂ ಕಲಸಿದರೆ ಸರಾಸರಿ ಬರುತ್ತದೆ ಅಷ್ಟೇ.

### `--sw` ಎಷ್ಟಿಡಬೇಕು?

ಇದು ಸ್ಟೈಲ್ ರೆಫರೆನ್ಸಿನ ತೂಕ. 0ಯಿಂದ 1000ದವರೆಗೆ ಇಡಬಹುದು, ಏನೂ ಬರೆಯದಿದ್ದರೆ 100. ಯಾರ ಸಂಖ್ಯೆಯನ್ನೂ ನಕಲು ಮಾಡಬೇಡಿ, ನಮ್ಮದನ್ನೂ ಕೂಡ. ನಿಮ್ಮ ಚಿತ್ರಕ್ಕೆ ನೀವೇ ನೋಡಿಕೊಳ್ಳಬೇಕು, ಅರ್ಧ ಗಂಟೆಯ ಕೆಲಸ.

ಪುಸ್ತಕದ ಒಂದು ಸಾಧಾರಣ ದೃಶ್ಯ ಆರಿಸಿ. ನಾವು 'ತಾತ ಗಾಣಕ್ಕೆ ಕಬ್ಬು ಕೊಡುತ್ತಿದ್ದಾನೆ' ಅನ್ನುವುದನ್ನು ತೆಗೆದುಕೊಂಡೆವು. ಮಾತು ಒಂದಕ್ಷರ ಬದಲಿಸದೆ 50, 100, 200, 400 ಅಂತ ನಾಲ್ಕು ಸಲ ಓಡಿಸಿದೆವು. 50ರಲ್ಲಿ ಎಲ್ಲೆಲ್ಲೂ ಕಾಣುವ ಆ ನುಣುಪು ಹೊಳಪಿನ ಚಿತ್ರವೇ ಬಂತು. 100ರಲ್ಲಿ ಗೋಡೆ, ನೆಲ ಗೆಳತಿಯ ಕೈಯಂತೆ ಇದ್ದರೂ ಮುಖ ಮಾತ್ರ ಬೇರೆ ಯಾರೋ ಬರೆದ ಹಾಗಿತ್ತು. 200ರಲ್ಲಿ ಮುಖವೂ ಹೊಂದಿಕೊಂಡಿತು. 400ಕ್ಕೆ ಬಂದಾಗ ಗಾಣದ ಪಕ್ಕ ಹೂವಿನ ಬುಟ್ಟಿ ಬಂದು ಕೂತಿತ್ತು. ಮಾರುಕಟ್ಟೆಯ ಚಿತ್ರದಿಂದ ಬಂದಿದ್ದು. ಸೋರಿಕೆ ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ನಮಗೆ ಅದು 200.

ಒಮ್ಮೆ ಸಂಖ್ಯೆ ನಿಂತ ಮೇಲೆ ಅದನ್ನು ಮುಟ್ಟಬೇಡಿ. ಒಂದು ಪುಟ ಸರಿ ಬರಲಿಲ್ಲ ಅಂತ ಆ ಪುಟಕ್ಕೆ ಮಾತ್ರ 300 ಇಟ್ಟರೆ, ಆ ಪುಟ ಬೇರೆಯದಾಗಿಯೇ ಕಾಣುತ್ತದೆ. ಮಾತು ಬದಲಿಸಿ, ತೂಕ ಬದಲಿಸಬೇಡಿ.

### ರೆಫರೆನ್ಸ್ ಕೊಟ್ಟ ಮೇಲೂ ಪ್ರಾಂಪ್ಟಿನಲ್ಲಿ ಶೈಲಿಯ ಮಾತು ಬರೆಯಬೇಕಾ?

ಬೇಡ. `--sref` ಗೌಶ್ ತೋರಿಸುತ್ತಿರುವಾಗ ನೀವು 'ಸಿನಿಮಾದಂಥ ಬೆಳಕು', 'ಅತಿ ಸೂಕ್ಷ್ಮ ವಿವರ' ಅಂತ ಬರೆದರೆ ಎರಡಕ್ಕೂ ಜಗಳ. ನಮ್ಮಲ್ಲಿ ಒಬ್ಬರಿಗೆ ಹಳೆ ಅಭ್ಯಾಸ, ಪ್ರತಿ ಪ್ರಾಂಪ್ಟಿಗೂ ಕೊನೆಯಲ್ಲಿ ಅಂಥ ನಾಲ್ಕು ಪದ ಅಂಟಿಸುತ್ತಿದ್ದರು. ಅವರು ಮಾಡಿದ ಪುಟಗಳಲ್ಲಿ ಮಾತ್ರ ಕಬ್ಬಿನ ಗರಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು.

ಮಾತಲ್ಲಿ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ಯಾವ ಹೊತ್ತು, ಇಷ್ಟು ಸಾಕು. ಹೊತ್ತನ್ನು ಮಾತ್ರ ಮರೆಯಬೇಡಿ. ಬರೆಯದಿದ್ದರೆ ಅದನ್ನೂ ರೆಫರೆನ್ಸಿನಿಂದಲೇ ಎತ್ತಿಕೊಳ್ಳುತ್ತದೆ.

### ಪುಟ್ಟಿ ಎಲ್ಲ ಪುಟದಲ್ಲೂ ಪುಟ್ಟಿಯಾಗೇ ಇರಬೇಕು. ಹೇಗೆ?

ಕ್ರಮ ಮುಖ್ಯ. ಮೊದಲು ನೋಟ ಗಟ್ಟಿ ಮಾಡಿ, ಆಮೇಲೆ ಪಾತ್ರ, ಆಮೇಲೆ ದೃಶ್ಯ.

ನಾವು ಶುರುವಿನಲ್ಲಿ ಮನೆಯ ಹುಡುಗಿಯೊಬ್ಬಳ ಫೋಟೋವನ್ನೇ `--oref` ಆಗಿ ಕೊಟ್ಟಿದ್ದೆವು. ಆಗ ಮುಖದ ಜೊತೆ ಫೋಟೋದ ನೋಟವೂ ಬಂದುಬಿಟ್ಟಿತು. ಗೌಶ್ ಗೋಡೆಯ ಮುಂದೆ ಫೋಟೋ ಹುಡುಗಿ. ಅದನ್ನು ಬಿಟ್ಟು, ಗಟ್ಟಿಯಾದ `--sref` ಬಳಸಿಯೇ ಪುಟ್ಟಿಯ ಒಂದು ನಿಂತ ಚಿತ್ರ ಮಾಡಿಕೊಂಡೆವು. ಹಿನ್ನೆಲೆ ಖಾಲಿ, ಪೂರ್ತಿ ಮೈ ಕಾಣಬೇಕು, ಮುಖ ಸ್ವಲ್ಪ ಓರೆ. ಸುಮಾರು 60 ಚಿತ್ರ ನೋಡಿ ಒಂದನ್ನು ಆರಿಸಿದೆವು. ಆ ಒಂದು ಚಿತ್ರವೇ ಕೊನೆಯವರೆಗೂ ಅವಳ ಗುರುತು.

ಓಮ್ನಿ ರೆಫರೆನ್ಸಿಗೆ ಒಂದೇ ಚಿತ್ರ ಕೊಡಲು ಆಗುವುದು. ತಾತನೂ ಬೇಕಲ್ವಾ? ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದ ಒಂದು ಚಿತ್ರ ಜೋಡಿಸಿಕೊಂಡು, ಮಾತಲ್ಲಿ ಇಬ್ಬರನ್ನೂ ಹೇಳಿದೆವು. ತೂಕ `--ow`, 1ರಿಂದ 1000, ಬರೆಯದಿದ್ದರೆ 100. ಸಾಮಾನ್ಯವಾಗಿ 400 ದಾಟುವ ಅಗತ್ಯ ಇಲ್ಲ. ನಾವು 120ರಲ್ಲಿ ನಿಂತೆವು. ಅದಕ್ಕಿಂತ ಜಾಸ್ತಿ ಮಾಡಿದರೆ ಪುಟ್ಟಿ ಎಲ್ಲ ಪುಟದಲ್ಲೂ ಅದೇ ಭಂಗಿಯಲ್ಲಿ ಕಟೌಟ್ ಥರ ನಿಲ್ಲುತ್ತಿದ್ದಳು.

ಸಣ್ಣ ವಿವರ ಉಳಿಯುವುದಿಲ್ಲ ಅನ್ನುವುದು ಮೊದಲೇ ಗೊತ್ತಿರಲಿ. ಮೊದಲು ಪುಟ್ಟಿಯ ಲಂಗಕ್ಕೆ ಕೆಂಪು ಅಂಚು, ಅಂಚಲ್ಲಿ ಗೋಪುರ ಇತ್ತು. ಒಂದು ಪುಟದಲ್ಲಿ ಗೋಪುರ, ಮುಂದಿನದರಲ್ಲಿ ಚುಕ್ಕಿ, ಅದರ ಮುಂದೆ ಏನೂ ಇಲ್ಲ. ಕೊನೆಗೆ ಅಂಚನ್ನೇ ತೆಗೆದು, ಬರೀ ಅರಿಶಿನ ಬಣ್ಣದ ಲಂಗ ಹಾಕಿಸಿದೆವು. ಪಾತ್ರವನ್ನು ಗುರುತು ಹಿಡಿಯಲು ಒಂದು ಬಣ್ಣ, ಒಂದು ಆಕಾರ ಸಾಕು. ಅವಳಿಗೆ ಎರಡು ಜಡೆ, ತಾತನಿಗೆ ತಲೆಗೆ ಸುತ್ತಿದ ಬಿಳಿ ಟವೆಲ್. ಅಷ್ಟೇ.

ಇನ್ನೊಂದು ಮಾತು: `--oref` ಬಳಸಿದರೆ ಜಿಪಿಯು ಸಮಯ, ಅಂದರೆ ಚಂದಾದಲ್ಲಿ ಸಿಗುವ ಯಂತ್ರದ ಸಮಯ, ದುಪ್ಪಟ್ಟು ಖರ್ಚಾಗುತ್ತದೆ. ಪಾತ್ರ ಇಲ್ಲದ ಪುಟಕ್ಕೆ ಸುಮ್ನೆ ಹಾಕಬೇಡಿ.

### ನಮ್ಮ ಊರಿನ ವಸ್ತುಗಳನ್ನು ತಪ್ಪಾಗಿ ಬರೆಯುತ್ತಲ್ಲ?

ಬರೆಯುತ್ತದೆ. ಕಬ್ಬನ್ನು ಬಿದಿರು ಮಾಡುತ್ತದೆ. ಕೊಪ್ಪರಿಗೆಯನ್ನು ಏನು ಮಾಡಿತು ಅಂತ ಮೇಷ್ಟ್ರ ಬಾಯಲ್ಲೇ ಕೇಳಬೇಕು. ಮೊದಲ ಚಿತ್ರ ನೋಡಿ ಅವರು ಅಂದದ್ದು, 'ಇದು ಕೊಪ್ಪರಿಗೆ ಅಲ್ಲಪ್ಪ, ಸ್ನಾನದ ಹಂಡೆ. ಇದ್ರಲ್ಲಿ ಬೆಲ್ಲ ಕಾಯಿಸಿದ್ರೆ ಪಾಕ ಬರೋದು ಯುಗಾದಿಗೆ.' ಅವರು ಹೇಳಿದ್ದು ನಿಜ. ಕೊಪ್ಪರಿಗೆ ಅಗಲವಾಗಿ, ತಟ್ಟೆಯ ಹಾಗೆ ಇರುವುದೇ ಕಬ್ಬಿನ ಹಾಲಿನ ನೀರು ಬೇಗ ಆರಲಿ ಅಂತ. ಆಳವಾದ ಪಾತ್ರೆ ಬರೆದರೆ ಆಲೆಮನೆಯೇ ಸುಳ್ಳಾಗುತ್ತದೆ.

ಮಾತನ್ನು ಬದಲಿಸಿ ನೋಡಿದೆವು. 'ಅಗಲವಾದ, ಆಳವಿಲ್ಲದ ಕಬ್ಬಿಣದ ಬಾಣಲೆ' ಅಂದಾಗ ಸ್ವಲ್ಪ ಹತ್ತಿರ ಬಂತು. ಆಮೇಲೆ ಆಲೆಮನೆಯಲ್ಲಿ ನಾವೇ ರಾತ್ರಿ ತೆಗೆದ ಮೊಬೈಲ್ ಫೋಟೋವನ್ನು ಇಮೇಜ್ ಪ್ರಾಂಪ್ಟ್ ಆಗಿ ಕೊಟ್ಟೆವು. ಅದರ ತೂಕ `--iw`, 0ಯಿಂದ 3ರವರೆಗೆ, ಬರೆಯದಿದ್ದರೆ 1. ಆಕಾರ ಸರಿಯಾಯಿತು. ಆದರೆ ಬಲ್ಬಿನ ಹಳದಿ ಬೆಳಕು ಚಿತ್ರದ ತುಂಬ ಹರಡಿತು. 0.5ಕ್ಕೆ ಇಳಿಸಿದರೆ ಹಳದಿ ಹೋಯಿತು, ಜೊತೆಗೆ ಕೊಪ್ಪರಿಗೆಯೂ ಹೋಗಿ ಹಂಡೆ ವಾಪಸ್ ಬಂತು!

ದಾರಿ ಸಿಕ್ಕಿದ್ದು ಗೆಳತಿಯಿಂದ. ಹತ್ತು ನಿಮಿಷದಲ್ಲಿ ಕೊಪ್ಪರಿಗೆ, ಒಲೆ, ಅಚ್ಚಿನ ಮಣೆ ಮೂರನ್ನೂ ತನ್ನದೇ ಗೌಶ್‌ನಲ್ಲಿ ಬರೆದು ಕಳಿಸಿದಳು. ಅದನ್ನು ಇಮೇಜ್ ಪ್ರಾಂಪ್ಟ್ ಮಾಡಿದಾಗ ವಸ್ತುವೂ ಬಂತು. ಸೋರುವುದಾದರೂ ಸೋರುವುದು ಅದೇ ನೋಟ, ಹಾಗಾಗಿ ತೊಂದರೆ ಇಲ್ಲ. ಫೋಟೋ ಬೇಡ, ಗೀಚಿದರೂ ಪರವಾಗಿಲ್ಲ, ನಿಮ್ಮ ನೋಟದಲ್ಲೇ ಗೀಚಿದ ಚಿತ್ರ ಕೊಡಿ. ಈ ಇಡೀ ಕೆಲಸದಲ್ಲಿ ನಾವು ಕಲಿತ ಅತಿ ಉಪಯೋಗದ ಪಾಠ ಇದು.

ಕೊನೆಗೆ ಕೊಪ್ಪರಿಗೆಯ ಪುಟದ ಪ್ರಾಂಪ್ಟ್ ಹೀಗಿತ್ತು. ಇಂಗ್ಲಿಷಿನಲ್ಲಿ ಬರೆದರೆ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ. ದೊಡ್ಡ ಅಕ್ಷರದ ಜಾಗದಲ್ಲಿ ನಿಮ್ಮ ಚಿತ್ರದ ಲಿಂಕ್ ಹಾಕಿ.

```
PAN_URL an old man stirs a wide shallow iron pan of
boiling cane juice, a girl in a plain turmeric-yellow
skirt watches, night, firelight from below --iw 1
--sref RIVER_URL KITCHEN_URL MARKET_URL --sw 200
--oref PUTTI_TATA_URL --ow 120
--stylize 50 --ar 4:3 --v 7
```

`--sref`ನಿಂದ ಕೊನೆಯವರೆಗಿನ ಸಾಲುಗಳು ಪಾತ್ರ ಇರುವ ಎಲ್ಲ ಪುಟಕ್ಕೂ ಒಂದೇ. ಕೈಯಿಂದ ಟೈಪ್ ಮಾಡದೆ ನೋಟ್‌ಪ್ಯಾಡಿನಿಂದ ಕಾಪಿ ಮಾಡಿ. ಯಂತ್ರ ತನ್ನ ಅಲಂಕಾರ ಎಷ್ಟು ಸೇರಿಸಬೇಕು ಅಂತ ಹೇಳುವುದು `--stylize`. ಒಂದು ಪುಟಕ್ಕೆ ಅದನ್ನು ಹಾಕಲು ಮರೆತು ಆ ಪುಟ ಮಾತ್ರ ಮದುವೆ ಛತ್ರದ ಥರ ಮಿನುಗಿತ್ತು.

### ಅದೇ ಸೀಡ್ ಕೊಟ್ಟರೆ ಒಂದೇ ನೋಟ ಬರುತ್ತೆ ಅಂತಾರಲ್ಲ?

ಬರುವುದಿಲ್ಲ. `--seed` ಗಟ್ಟಿ ಮಾಡುವುದು ಚಿತ್ರ ಶುರುವಾಗುವ ಮೊದಲ ಚುಕ್ಕಿಗಳ ಗದ್ದಲವನ್ನು ಮಾತ್ರ. ಮಾತು ಬದಲಾದರೆ ನೋಟವೂ ಬದಲಾಗುತ್ತದೆ. ಒಂದೇ ಪ್ರಾಂಪ್ಟಿನಲ್ಲಿ ಸಣ್ಣ ಬದಲಾವಣೆಯ ಪರಿಣಾಮ ಹೋಲಿಸಿ ನೋಡಲು ಸೀಡ್ ಒಳ್ಳೆಯದು.

### ಚೆನ್ನಾಗಿ ಬಂದ ಪುಟವನ್ನೇ ಮುಂದಿನದಕ್ಕೆ ರೆಫರೆನ್ಸ್ ಮಾಡಬಹುದಾ?

ಜೆರಾಕ್ಸಿನ ಜೆರಾಕ್ಸ್ ತೆಗೆದು ನೋಡಿದ್ದೀರಾ? ಅದೇ ಗತಿ. ಒಂದನೇ ಪುಟದಿಂದ ಎರಡು, ಎರಡರಿಂದ ಮೂರು ಅಂತ ಹೋದರೆ ಪ್ರತಿ ಮೆಟ್ಟಿಲಲ್ಲೂ ಯಂತ್ರದ ಚಾಳಿ ಒಂದಿಷ್ಟು ಸೇರುತ್ತದೆ. ಬಣ್ಣ ಗಾಢವಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕುಂಚದ ಗುರುತು ನುಣುಪಾಗುತ್ತದೆ. ಎಲ್ಲ ಪುಟವೂ ಆ ಮೂರು ಮೂಲ ಚಿತ್ರಕ್ಕೇ ಹಿಂತಿರುಗಬೇಕು.

### ನೋಟ ಜಾರುತ್ತಿದೆ ಅಂತ ಹೇಗೆ ಕಂಡುಹಿಡಿಯುವುದು?

ಎಲ್ಲ ಚಿತ್ರವನ್ನೂ ಹೆಬ್ಬೆರಳಿನಷ್ಟು ಸಣ್ಣದು ಮಾಡಿ ಒಂದೇ ಹಾಳೆಯಲ್ಲಿ ಜೋಡಿಸಿ, ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಹೊರಗಿನದು ತಾನಾಗೇ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಆ ಹಾಳೆಯನ್ನು ಕಪ್ಪುಬಿಳುಪು ಮಾಡಿ. ಬಣ್ಣ ಮುಚ್ಚಿಟ್ಟಿದ್ದ ತಪ್ಪು ಆಗ ಕಾಣುತ್ತದೆ: ಒಂದು ಪುಟದಲ್ಲಿ ನೆರಳು ಅಚ್ಚ ಕಪ್ಪು, ಉಳಿದವುಗಳಲ್ಲಿ ಬೂದು. ನಮ್ಮ ಒಂಬತ್ತನೇ ಪುಟ ಹೀಗೇ ಸಿಕ್ಕಿಬಿತ್ತು.

ನಾವು ಇನ್ನೂ ಒಂದು ಕೆಲಸ ಮಾಡುತ್ತೇವೆ. ನೆರಳಿನ ಬಣ್ಣ, ಪುಟ್ಟಿಯ ಲಂಗದ ಬಣ್ಣ, ಇವೆರಡನ್ನು ಕಲರ್ ಪಿಕ್ಕರ್‌ನಿಂದ ತೆಗೆದು ಹೋಲಿಸುತ್ತೇವೆ. ಸ್ವಲ್ಪ ಆಚೀಚೆ ಇದ್ದರೆ ಕ್ರಿಟಾ ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಸರಿಮಾಡಿದರಾಯಿತು. ಗೆರೆ, ಕುಂಚದ ಗುರುತು ಜಾರಿದ್ದರೆ ತಿದ್ದಲು ಹೋಗಬೇಡಿ, ಮತ್ತೆ ಮಾಡಿ. ಕೊನೆಯಲ್ಲಿ ಒಂದೇ ಕಾಗದದ ತರಿಯನ್ನು ಸ್ಕ್ಯಾನ್ ಮಾಡಿ ಹದಿನಾಲ್ಕರ ಮೇಲೂ ತೆಳುವಾಗಿ ಹಾಸಿದೆವು. ಕಣ್ಣಿಗೆ ಅದು ಮಾಡುವ ಉಪಕಾರ ಸಣ್ಣದಲ್ಲ.

### 'ಮೈಸೂರು ಶೈಲಿ' ಅಂತ ಬರೆದರೆ ನಮ್ಮ ಸಾಂಪ್ರದಾಯಿಕ ಚಿತ್ರಕಲೆಯ ನೋಟ ಬರುತ್ತದಾ?

ನಾವು ಪ್ರಯತ್ನಿಸಿದಾಗ ಬಂದದ್ದು ತಂಜಾವೂರು ಮತ್ತು ಕ್ಯಾಲೆಂಡರ್ ಚಿತ್ರದ ಕಲಬೆರಕೆ. ಮೈಸೂರಿನದರಲ್ಲಿ ಚಿನ್ನದ ಕೆಳಗೆ ಬಳಿಯುವ ಗೆಸ್ಸೊ ಅನ್ನುವ ಲೇಪ ತೆಳು, ಗೆರೆ ನಾಜೂಕು. ಉಬ್ಬಿದ ಗೆಸ್ಸೊ, ಗಾಜಿನ ಕಲ್ಲು ಕೂರಿಸುವುದು ತಂಜಾವೂರಿನದು. ಯಂತ್ರಕ್ಕೆ ಈ ವ್ಯತ್ಯಾಸ ಹೆಸರಿನಿಂದ ಸಿಗುವುದಿಲ್ಲ. ಸ್ಟೈಲ್ ರೆಫರೆನ್ಸ್ ಕೊಟ್ಟರೆ ಬಣ್ಣ, ಗೆರೆ ಹತ್ತಿರ ಬರುತ್ತವೆ. ಆದರೆ ಚಿನ್ನದ ರೇಕು ನೋಡುವ ಕೋನಕ್ಕೆ ತಕ್ಕಂತೆ ಹೊಳೆಯುತ್ತದೆ, ಪರದೆಯಲ್ಲಿ ಬರುವುದು ಹಳದಿಯಿಂದ ಕಂದಿಗೆ ಇಳಿಯುವ ಬಣ್ಣ ಮಾತ್ರ. ಆ ಆಸೆ ಬಿಡುವುದು ಒಳ್ಳೆಯದು.

### ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾರದೋ ಚಿತ್ರವನ್ನು ರೆಫರೆನ್ಸ್ ಮಾಡಿದರೆ?

ಕೇಳದೆ ಮಾಡಬೇಡಿ. ಒಬ್ಬರು ವರ್ಷಗಟ್ಟಲೆ ಕೂತು ಹದ ಮಾಡಿಕೊಂಡ ಕೈ ಅದು. ಕೇಳಲು ಯಾರೂ ಇಲ್ಲದಿದ್ದರೆ `--sref random` ಇದೆ. ಅದು ಒಂದು ಸಂಖ್ಯೆ ಕೊಡುತ್ತದೆ, ಇಷ್ಟವಾದರೆ ಅದೇ ಸಂಖ್ಯೆಯನ್ನು ಎಲ್ಲ ಪುಟಕ್ಕೂ ಹಾಕಬಹುದು. ಆದರೆ ಆ ಸಂಖ್ಯೆ ಎಲ್ಲರಿಗೂ ತೆರೆದಿದೆ, ನಿಮ್ಮ ನೋಟ ನಾಳೆ ಇನ್ನೊಬ್ಬರ ಪೋಸ್ಟರಿನಲ್ಲೂ ಇರಬಹುದು.

### ಮಿಡ್‌ಜರ್ನಿ ಇಲ್ಲದವರು?

ಕಂಪ್ಯೂಟರಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಅದರಲ್ಲೇ ಓಡುವ ಇನ್ನೊಂದು ಚಿತ್ರ ಮಾಡುವ ಎಐ ಸ್ಟೇಬಲ್ ಡಿಫ್ಯೂಷನ್. ಅಲ್ಲಿ ನೋಟಕ್ಕೆ ಐಪಿ-ಅಡಾಪ್ಟರ್, ಆಕಾರಕ್ಕೆ ಕಂಟ್ರೋಲ್‌ನೆಟ್. ಕೊಪ್ಪರಿಗೆಯಂಥ ಸಮಸ್ಯೆಗೆ ಕಂಟ್ರೋಲ್‌ನೆಟ್ ಇನ್ನೂ ವಾಸಿ. ಬರೀ ಗೆರೆಚಿತ್ರ ಕೊಟ್ಟರೆ ಆಕಾರ ಹಾಗೇ ಉಳಿಸುತ್ತದೆ, ಬಣ್ಣ ಸೋರುವ ಮಾತೇ ಇಲ್ಲ. ಕಲಿಯಲು ಮಾತ್ರ ತಾಳ್ಮೆ ಬೇಕು.

### ಚಿತ್ರದೊಳಗೆ ಕನ್ನಡ ಅಕ್ಷರ?

ಹಾಕಿಸಬೇಡಿ. ಆಲೆಮನೆಯ ಬೋರ್ಡಿನಲ್ಲಿ ಬಂದದ್ದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಬೋರ್ಡ್ ಖಾಲಿ ಬಿಡಿಸಿ, ಅಕ್ಷರವನ್ನು ಆಮೇಲೆ ನೀವೇ ಕೂರಿಸಿ.

### ಮೇಷ್ಟ್ರು ಎರಡನೇ ಭಾಗ ಬರೆಯುತ್ತಿದ್ದಾರೆ. ಅದೇ ನೋಟ ಮತ್ತೆ ಬರಬೇಕಾದರೆ ಏನೇನು ಎತ್ತಿಡಬೇಕು?

ಮೂರು ಮೂಲ ಚಿತ್ರಗಳು, ಕತ್ತರಿಸಿದ ಅಳತೆಯಲ್ಲೇ. ಪುಟ್ಟಿ ಮತ್ತು ತಾತನ ಜೋಡಿ ಚಿತ್ರ. ಗೆಳತಿ ಗೀಚಿದ ವಸ್ತುಗಳು. ಹದಿನಾಲ್ಕೂ ಪುಟದ ಪ್ರಾಂಪ್ಟ್, ಆವೃತ್ತಿಯ ಸಂಖ್ಯೆ ಸಮೇತ. `--v 7` ಅಂತ ಬರೆದೇ ಇಡಿ. ಹೊಸ ಆವೃತ್ತಿ ಬಂದ ದಿನ ಬರೆಯದವರ ಪ್ರಾಂಪ್ಟ್ ತಾನಾಗೇ ಅದಕ್ಕೆ ಹಾರುತ್ತದೆ, ಅದೇ ಚಿತ್ರ, ಅದೇ ತೂಕ ಇದ್ದರೂ ನೋಟ ಬೇರೆ. ಚಿತ್ರಗಳನ್ನು ನಿಮ್ಮ ಡಿಸ್ಕಿನಲ್ಲೂ ಇಡಿ, ಬರೀ ಲಿಂಕ್ ನಂಬಬೇಡಿ. ನಮ್ಮ ಮಾರುಕಟ್ಟೆ ಚಿತ್ರದ ಲಿಂಕ್ ಈಗಾಗಲೇ ತೆರೆಯುವುದಿಲ್ಲ.